ಗೂಗಲ್‌ನಲ್ಲಿ ನಿಮ್ಮ ಸೈಟಿನ ಪುಟಗಳೆಲ್ಲ ಒಂದೇ ಥರ ಕಾಣುತ್ತಿವೆಯಾ? ಟೈಟಲ್, ಡಿಸ್ಕ್ರಿಪ್ಷನ್ ಸರಿಮಾಡುವ ಬಗೆ

ಬೆಂಗಳೂರಿನಲ್ಲಿ ಈಗ ಸಣ್ಣ ಸಣ್ಣ ವ್ಯಾಪಾರಕ್ಕೂ ಒಂದು ವೆಬ್‌ಸೈಟ್ ಇದೆ. ಟೈಲರ್ ಅಂಗಡಿ, ಟ್ಯೂಷನ್ ಸೆಂಟರ್, ನೀರಿನ ಟ್ಯಾಂಕ್ ತೊಳೆಯುವವರು, ಎಲ್ಲರೂ ಯಾರ ಕೈಲೋ ಹತ್ತು ಹನ್ನೆರಡು ಪುಟದ ಸೈಟ್ ಮಾಡಿಸಿಕೊಂಡಿರುತ್ತಾರೆ. ಸೈಟ್ ಚೆನ್ನಾಗೇ ಇರುತ್ತದೆ, ಫೋಟೋ, ಫೋನ್ ನಂಬರ್ ಎಲ್ಲ ಇರುತ್ತದೆ. ಆದರೆ ಗೂಗಲ್‌ನಲ್ಲಿ ಹುಡುಕಿದಾಗ ಐದಾರು ಸಾಲು ಒಂದೇ ಥರ ಬರುತ್ತವೆ. ಮೊದಲು `Home`, ಆಮೇಲೆ `Services`, ಮುಂದೆ ಅದೇ ಹೆಸರು, ಕೆಳಗೆ ಅದೇ ಎರಡು ಸಾಲು. ಯಾವುದನ್ನು ಒತ್ತಬೇಕು ಅಂತ ಹುಡುಕುವವರಿಗೆ ಗೊತ್ತಾಗುವುದಿಲ್ಲ. ಅವರು ಕೆಳಗಿನ ಇನ್ನೊಬ್ಬರ ಸೈಟಿಗೆ ಹೋಗುತ್ತಾರೆ.

ಇದನ್ನು ಸರಿಮಾಡಲು ಹೊಸ ಸೈಟ್ ಬೇಡ, ಜಾಹೀರಾತೂ ಬೇಡ. ಪ್ರತಿ ಪುಟಕ್ಕೆ ಎರಡು ಚಿಕ್ಕ ಬರಹ ಸರಿಯಾಗಿ ಬರೆದರೆ ಆಯಿತು. ಅವು ಯಾವುವು, ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಕೈಕೊಡುತ್ತವೆ ಅನ್ನುವುದನ್ನು ಬುಡದಿಂದ ನೋಡೋಣ.

## ಆ ಎರಡು ಬರಹ ಎಲ್ಲಿರುತ್ತವೆ?

ಗೂಗಲ್ ತೋರಿಸುವ ಒಂದು ಫಲಿತಾಂಶವನ್ನು ಗಮನಿಸಿ. ಮೇಲೆ ಚಿಕ್ಕದಾಗಿ ಸೈಟಿನ ಹೆಸರು ಮತ್ತು ವಿಳಾಸ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ, ಒತ್ತಬಹುದಾದ ಸಾಲು. ಅದರ ಕೆಳಗೆ ಬೂದು ಬಣ್ಣದಲ್ಲಿ ಎರಡು ಮೂರು ಸಾಲು. ದೊಡ್ಡ ಸಾಲು ಸಾಮಾನ್ಯವಾಗಿ ಪುಟದ ಟೈಟಲ್‌ನಿಂದ ಬರುತ್ತದೆ. ಕೆಳಗಿನ ಸಾಲುಗಳು ಕೆಲವು ಸಲ ಮೆಟಾ ಡಿಸ್ಕ್ರಿಪ್ಷನ್‌ನಿಂದ ಬರುತ್ತವೆ, ಕೆಲವು ಸಲ ಪುಟದ ಒಳಗಿನ ಬರಹದಿಂದಲೇ ಬರುತ್ತವೆ.

ಈ ಎರಡು ಬರಹವೂ ತೆರೆದ ಪುಟದ ಒಳಗೆ ಕಣ್ಣಿಗೆ ಬೀಳುವುದಿಲ್ಲ, ಟೈಟಲ್ ಮಾತ್ರ ಬ್ರೌಸರಿನ ಟ್ಯಾಬ್ ಮೇಲೆ ಕಾಣುತ್ತದೆ. ಪುಟದ ಕೋಡ್‌ನಲ್ಲಿ, ತಲೆಭಾಗದಲ್ಲಿ ಇರುತ್ತವೆ:

```
<title>ಪುಟದ ಟೈಟಲ್ ಇಲ್ಲಿ</title>
<meta name="description" content="ಎರಡು ಸಾಲಿನ ವಿವರಣೆ ಇಲ್ಲಿ">
```

ಕಂಪ್ಯೂಟರಿನಲ್ಲಿ ನಿಮ್ಮ ಪುಟ ತೆರೆದು `Ctrl+U` ಒತ್ತಿದರೆ ಕೋಡ್ ಕಾಣುತ್ತದೆ. ಅಲ್ಲಿ `<title>` ಅಂತ ಹುಡುಕಿ. ವರ್ಡ್‌ಪ್ರೆಸ್‌ನಲ್ಲಿ ಮಾಡಿದ ಸೈಟ್ ಆದರೆ ಟೈಟಲ್ ತಾನಾಗಿಯೇ ಬಂದಿರುತ್ತದೆ, ಆದರೆ ಡಿಸ್ಕ್ರಿಪ್ಷನ್ ತಾನಾಗಿ ಬರುವುದಿಲ್ಲ. ಅದಕ್ಕೆ ಯೋಸ್ಟ್ ಅಥವಾ ರ‍್ಯಾಂಕ್ ಮ್ಯಾತ್ ಥರದ ಪ್ಲಗಿನ್, ಅಂದರೆ ಸೈಟಿಗೆ ಜೋಡಿಸುವ ಸಣ್ಣ ಸಾಫ್ಟ್‌ವೇರ್ ಹಾಕಿರುತ್ತಾರೆ. ಪ್ರತಿ ಪುಟದ ಎಡಿಟ್ ಪರದೆಯಲ್ಲಿ ಪ್ಲಗಿನ್ ಎರಡು ಖಾಲಿ ಜಾಗ ಕೊಡುತ್ತದೆ. ನಾವು ತುಂಬಬೇಕಾದದ್ದು ಅವನ್ನೇ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಡಿಸ್ಕ್ರಿಪ್ಷನ್ ಚೆನ್ನಾಗಿ ಬರೆದರೆ ಸೈಟ್ ಮೇಲಕ್ಕೆ ಬರುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಹಾಗಿಲ್ಲ. ಫಲಿತಾಂಶಗಳ ಕ್ರಮ ನಿರ್ಧರಿಸಲು ಡಿಸ್ಕ್ರಿಪ್ಷನ್ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಕೀವರ್ಡ್ ಪಟ್ಟಿ ತುಂಬುವ ಹಳೆಯ ಕೀವರ್ಡ್ಸ್ ಟ್ಯಾಗ್ ಕೂಡ ಲೆಕ್ಕಕ್ಕಿಲ್ಲ ಅಂತ ಅದೇ ಸಲ ಹೇಳಿತು. ಡಿಸ್ಕ್ರಿಪ್ಷನ್ ಕೆಲಸ ಬೇರೆ. ಪಟ್ಟಿಯಲ್ಲಿ ಕಂಡವರು ಒತ್ತುವಂತೆ ಮಾಡುವುದು, ಮತ್ತು ಬೇಡದವರು ಸುಮ್ನೆ ಒಳಗೆ ಬಂದು ವಾಪಸ್ ಹೋಗದಂತೆ ತಡೆಯುವುದು.

ಮೆಜೆಸ್ಟಿಕ್‌ನಲ್ಲಿ ನಿಂತ ಬಸ್ಸುಗಳ ಬೋರ್ಡಿನಲ್ಲೆಲ್ಲ ಬರೀ ‘ಬಿಎಂಟಿಸಿ, ಬೆಂಗಳೂರು’ ಅಂತ ಇದ್ದರೆ ಏನಾಗುತ್ತಿತ್ತು? ಬರೆದದ್ದು ಸುಳ್ಳಲ್ಲ, ಆದರೆ ಹತ್ತುವವರಿಗೆ ಉಪಯೋಗವಿಲ್ಲ. ಬೋರ್ಡಿನಲ್ಲಿ ರೂಟ್ ನಂಬರ್ ಮತ್ತು ಹೋಗುವ ಊರು ದೊಡ್ಡದಾಗಿರುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ ಅನ್ನುವುದು ಚಿಕ್ಕದಾಗಿರುತ್ತದೆ. ಟೈಟಲ್ ಮೊದಲನೆಯದು, ಡಿಸ್ಕ್ರಿಪ್ಷನ್ ಎರಡನೆಯದು.

## ಮೊದಲು ಈಗಿರುವುದನ್ನು ನೋಡಿಕೊಳ್ಳಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬನಶಂಕರಿಯಲ್ಲಿ ಸಂಪ್ ಮತ್ತು ಟ್ಯಾಂಕ್ ಕ್ಲೀನಿಂಗ್ ಮಾಡುವ ಒಂದು ಚಿಕ್ಕ ವ್ಯಾಪಾರ. ಬೆಂಗಳೂರಿನ ಮನೆಗಳಲ್ಲಿ ಕಾವೇರಿ ನೀರು ದಿನವಿಡೀ ಬರುವುದಿಲ್ಲ, ಹಾಗಾಗಿ ಹೆಚ್ಚಿನ ಮನೆಗಳಲ್ಲಿ ನೆಲದಡಿ ಸಂಪ್, ಮೇಲೆ ಟ್ಯಾಂಕ್ ಇದ್ದೇ ಇರುತ್ತದೆ. ಇವರ ಸೈಟಿನಲ್ಲಿ 12 ಪುಟ. ಮುಖಪುಟ, ಸಂಪ್, ಓವರ್‌ಹೆಡ್ ಟ್ಯಾಂಕ್, ಅಪಾರ್ಟ್‌ಮೆಂಟ್, ದರ, ನಾಲ್ಕು ಬಡಾವಣೆಗಳಿಗೆ ಒಂದೊಂದು ಪುಟ, ನಮ್ಮ ಬಗ್ಗೆ, ಸಂಪರ್ಕ, ಮತ್ತು ಸಂಪ್ ಎಷ್ಟು ದಿನಕ್ಕೊಮ್ಮೆ ತೊಳೆಸಬೇಕು ಅನ್ನುವ ಒಂದು ಲೇಖನ. ಪುಟಗಳ ಒಳಗಿನ ಬರಹ ಕನ್ನಡದಲ್ಲಿದೆ. ಸೈಟ್ ಮಾಡಿದವರು ಟೈಟಲ್ ಮಾತ್ರ ಇಂಗ್ಲಿಷಿನಲ್ಲಿ ಹಾಕಿದ್ದಾರೆ.

ಗೂಗಲ್‌ನಲ್ಲಿ ನಿಮ್ಮ ಸೈಟಿನ ಹೆಸರನ್ನು ಹೀಗೆ ಕೊಟ್ಟು ಹುಡುಕಬಹುದು:

```
site:example.in
```

`example.in` ಜಾಗದಲ್ಲಿ ನಿಮ್ಮ ವಿಳಾಸ ಹಾಕಿ, ನಡುವೆ ಜಾಗ ಬಿಡಬೇಡಿ. ಗೂಗಲ್‌ಗೆ ಗೊತ್ತಿರುವ ನಿಮ್ಮ ಪುಟಗಳು ಸಾಲಾಗಿ ಬರುತ್ತವೆ. ದೊಡ್ಡ ಸೈಟಿಗೆ ಈ ಪಟ್ಟಿ ಪೂರ್ತಿ ಇರುವುದಿಲ್ಲ, ಆದರೆ 12 ಪುಟದ ಸೈಟಿಗೆ ಒಂದು ನೋಟ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಕೋಡ್‌ನಲ್ಲಿದ್ದ ಟೈಟಲ್‌ಗಳು ಹೀಗಿವೆ:

```
Home | Best Sump Cleaning Tank Cleaning Bangalore
Services | Best Sump Cleaning Tank Cleaning Bangalore
Jayanagar | Best Sump Cleaning Tank Cleaning Bangalore
Contact | Best Sump Cleaning Tank Cleaning Bangalore
```

ಬಲಗಡೆಯ ಉದ್ದನೆ ಸಾಲು ಎಲ್ಲದರಲ್ಲೂ ಒಂದೇ. ಎಡಗಡೆಯ ಒಂದು ಪದ ಮಾತ್ರ ಬೇರೆ, ಅದೂ ಗ್ರಾಹಕರಿಗೆ ಏನೂ ಹೇಳದ ಪದ. ಡಿಸ್ಕ್ರಿಪ್ಷನ್ ಅಂತೂ ಹನ್ನೆರಡೂ ಪುಟಕ್ಕೆ ಒಂದೇ ಕಾಪಿ. ಈ ಪಟ್ಟಿಯನ್ನು ಒಂದು ಎಕ್ಸೆಲ್ ಹಾಳೆಗೋ ನೋಟ್‌ಬುಕ್ಕಿಗೋ ಇಳಿಸಿಕೊಳ್ಳಿ. ಪುಟ ಜಾಸ್ತಿ ಇದ್ದರೆ ಸ್ಕ್ರೀಮಿಂಗ್ ಫ್ರಾಗ್ ಅನ್ನುವ ಸಾಫ್ಟ್‌ವೇರ್ 500 ವಿಳಾಸದವರೆಗೆ ಉಚಿತವಾಗಿ ಈ ಪಟ್ಟಿ ತೆಗೆದುಕೊಡುತ್ತದೆ.

## ಬರೆಯುವ ಮೊದಲು ಎರಡು ಪ್ರಶ್ನೆ

ಇಲ್ಲಿ ಹೆಚ್ಚಿನವರು ಸೀದಾ ಟೈಟಲ್ ಬರೆಯಲು ಕೂರುತ್ತಾರೆ. ಬೇಡ. ಮೊದಲು ಪ್ರತಿ ಪುಟದ ಮುಂದೆ ಎರಡು ವಿಷಯ ಬರೆದುಕೊಳ್ಳಿ. ಒಂದು, ಯಾವ ಪ್ರಶ್ನೆ ಇಟ್ಟುಕೊಂಡವರು ಈ ಪುಟಕ್ಕೆ ಬರಬೇಕು? ಎರಡು, ನಮ್ಮದೇ ಸೈಟಿನ ಬೇರೆ ಪುಟದಲ್ಲಿ ಸಿಗದ ಯಾವ ಉತ್ತರ ಇಲ್ಲಿದೆ?

ಸಂಪ್ ಪುಟಕ್ಕೆ ಬರುವವರು ಮನೆಯವರು. ನೀರು ವಾಸನೆ ಬರುತ್ತಿದೆ, ಅಥವಾ ಟ್ಯಾಂಕರ್ ನೀರು ಹಾಕಿಸಿ ಕೆಸರು ಕೂತಿದೆ. ಎಷ್ಟು ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತು ಮನೆಗೆ ನೀರು ಇರುತ್ತದಾ ಅನ್ನುವುದು ಅವರ ಚಿಂತೆ. ಅಪಾರ್ಟ್‌ಮೆಂಟ್ ಪುಟಕ್ಕೆ ಬರುವವರು ಅಸೋಸಿಯೇಷನ್ ಸೆಕ್ರೆಟರಿ. ಅವರಿಗೆ ಕೊಟೇಷನ್ ಬೇಕು, ಜಿಎಸ್‌ಟಿ ಬಿಲ್ ಬೇಕು, ಮುಂದಿನ ಸಲ ಯಾವಾಗ ಅನ್ನುವುದು ಬೇಕು. ಕೆಲಸ ಹೆಚ್ಚುಕಮ್ಮಿ ಒಂದೇ, ಆದರೆ ಬಂದವರ ಪ್ರಶ್ನೆ ಬೇರೆ. ಟೈಟಲ್ ಬೇರೆಯಾಗಬೇಕಾದದ್ದು ಈ ಜಾಗದಲ್ಲಿ.

ಈಗ ನಾಲ್ಕು ಬಡಾವಣೆ ಪುಟಗಳನ್ನು ನೋಡಿ. ಜಯನಗರ, ಬಸವನಗುಡಿ, ಜೆ.ಪಿ. ನಗರ, ಬನಶಂಕರಿ. ಎರಡನೇ ಪ್ರಶ್ನೆ ಕೇಳಿದರೆ ಉತ್ತರ ಬರುವುದಿಲ್ಲ. ಒಳಗಿನ ಬರಹ ಅದೇ, ಬಡಾವಣೆಯ ಹೆಸರು ಮಾತ್ರ ಬದಲು. ಇಂಥ ಪುಟಗಳಿಗೆ ಎಷ್ಟು ಜಾಣತನದ ಟೈಟಲ್ ಬರೆದರೂ ಅದು ಬಣ್ಣ ಬಳಿದಂತೆ ಅಷ್ಟೇ. ಹೆಸರು ಬದಲಿಸಿ ಒಂದೇ ಬರಹವನ್ನು ಹಲವು ಪುಟ ಮಾಡುವುದನ್ನು ಗೂಗಲ್‌ನ ಸ್ಪ್ಯಾಮ್ ನಿಯಮಗಳು ಡೋರ್‌ವೇ ಪುಟ ಅಂತ ಕರೆಯುತ್ತವೆ, ಅದಕ್ಕೆ ಅವಕಾಶವಿಲ್ಲ.

ನಾನಾದರೆ ನಾಲ್ಕನ್ನೂ ಸೇರಿಸಿ ‘ನಾವು ಬರುವ ಬಡಾವಣೆಗಳು’ ಅಂತ ಒಂದೇ ಪುಟ ಮಾಡುತ್ತೇನೆ. ಎಲ್ಲಿಗೆ ಅದೇ ದಿನ ಬರುತ್ತೇವೆ, ಎಲ್ಲಿಗೆ ಮರುದಿನ, ಎಲ್ಲಿಗೆ ಓಡಾಟದ ಖರ್ಚು ಬೇರೆ ಅಂತ ಅಲ್ಲಿ ಬರೆಯಬಹುದು. ಹಳೆಯ ನಾಲ್ಕು ವಿಳಾಸಗಳನ್ನು 301 ರೀಡೈರೆಕ್ಟ್ ಮೂಲಕ ಹೊಸ ಪುಟಕ್ಕೆ ತಿರುಗಿಸಬೇಕು. ಸುಮ್ನೆ ಅಳಿಸಿಬಿಟ್ಟರೆ ಹಳೆಯ ಲಿಂಕಿನಿಂದ ಬಂದವರಿಗೆ ಖಾಲಿ ಪುಟ ಸಿಗುತ್ತದೆ. ನಾಲ್ಕರಲ್ಲಿ ಒಂದು ಕಡೆ ನಿಜವಾಗಿಯೂ ಬೇರೆ ಅಂಗಡಿ, ಬೇರೆ ಫೋನ್, ಬೇರೆ ಹುಡುಗರು ಇದ್ದರೆ ಆ ಪುಟ ಉಳಿಯಲಿ. ಅದಕ್ಕೆ ತನ್ನದೇ ಆದ ಮಾತಿದೆ.

ಹೀಗೆ 12 ಪುಟ 9 ಆಯಿತು. ಇನ್ನು ಬರೆಯುವುದು ಸುಲಭ.

## ಒಂದು ಪುಟವನ್ನು ಹತ್ತಿರದಿಂದ

ಸಂಪ್ ಪುಟವನ್ನೇ ತೆಗೆದುಕೊಳ್ಳೋಣ. ಮೊದಲ ಯತ್ನ ‘ಸಂಪ್ ಕ್ಲೀನಿಂಗ್’. ಸ್ಪಷ್ಟವಾಗಿದೆ, ಆದರೆ ಅಪಾರ್ಟ್‌ಮೆಂಟ್ ಪುಟವೂ ಸಂಪ್ ಬಗ್ಗೆಯೇ. ಹಾಗಾಗಿ ‘ಮನೆ ಸಂಪ್ ಕ್ಲೀನಿಂಗ್’. ಈಗ ಯಾರಿಗೆ ಅನ್ನುವುದು ಗೊತ್ತಾಯಿತು. ಬಂದವರ ದೊಡ್ಡ ಚಿಂತೆ ಸಮಯ ಅಂತ ಮೇಲೆ ಬರೆದುಕೊಂಡಿದ್ದೆವು, ಅಲ್ವಾ? ಅದನ್ನು ಸೇರಿಸಿ. ಎಲ್ಲಿ ಅನ್ನುವುದನ್ನೂ ಸೇರಿಸಿ:

```
<title>ಮನೆ ಸಂಪ್ ಕ್ಲೀನಿಂಗ್: 3 ಗಂಟೆಯ ಕೆಲಸ, ಬನಶಂಕರಿ ಸುತ್ತಮುತ್ತ</title>
```

ಹುಡುಕುವವರು ಟೈಪ್ ಮಾಡುವ ಪದ ಮೊದಲಿದೆ. ಬೇರೆ ಪುಟದಲ್ಲಿ ಇಲ್ಲದ ವಿಷಯ ನಡುವೆ ಇದೆ. ಕೊನೆಯಲ್ಲಿ ಇರುವುದು ಕತ್ತರಿಸಿ ಹೋದರೂ ಅರ್ಥ ಕೆಡುವುದಿಲ್ಲ. ‘ಬೆಸ್ಟ್’, ‘ನಂಬರ್ 1’ ಯಾಕಿಲ್ಲ ಅಂದರೆ, ಪಟ್ಟಿಯಲ್ಲಿರುವ ಎಲ್ಲರೂ ಅದನ್ನೇ ಬರೆದಿರುತ್ತಾರೆ. ಎಲ್ಲರಲ್ಲೂ ಇರುವ ಪದ ಯಾರನ್ನೂ ಬೇರೆ ಮಾಡಿ ತೋರಿಸುವುದಿಲ್ಲ.

ವ್ಯಾಪಾರದ ಹೆಸರು ಕೂಡ ಇಲ್ಲಿ ಇಲ್ಲ. 2022ರ ಕೊನೆಯಿಂದ ಗೂಗಲ್ ಸೈಟಿನ ಹೆಸರನ್ನು ಟೈಟಲ್‌ನ ಮೇಲೆ ಪ್ರತ್ಯೇಕವಾಗಿ ತೋರಿಸುತ್ತಿದೆ, ಮೊದಲು ಮೊಬೈಲಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲೂ. ಹಾಗಾಗಿ ಪ್ರತಿ ಪುಟದಲ್ಲೂ ಹೆಸರು ತುರುಕಿ ಜಾಗ ಕಳೆಯಬೇಕಾಗಿಲ್ಲ. ಹಾಕಲೇಬೇಕು ಅನಿಸಿದರೆ ಕೊನೆಯಲ್ಲಿ, ಚಿಕ್ಕದಾಗಿ. ಹೆಸರು ಮೊದಲು ಬರಬೇಕಾದದ್ದು ಮುಖಪುಟದಲ್ಲಿ ಮಾತ್ರ, ಏಕೆಂದರೆ ನಿಮ್ಮ ಹೆಸರು ಗೊತ್ತಿದ್ದು ಹುಡುಕುವವರು ಅಲ್ಲಿಗೆ ಬರುತ್ತಾರೆ.

ಈಗ ಡಿಸ್ಕ್ರಿಪ್ಷನ್. ಟೈಟಲ್‌ನಲ್ಲಿ ಹೇಳಿದ್ದನ್ನೇ ಇಲ್ಲಿ ಉದ್ದ ಮಾಡಿ ಹೇಳಿದರೆ ಜಾಗ ದಂಡ. ಟೈಟಲ್ ಓದಿದವರಿಗೆ ಮುಂದೆ ಏನು ಪ್ರಶ್ನೆ ಬರುತ್ತದೆ? ಏನೇನು ಮಾಡುತ್ತಾರೆ, ನಾನು ಏನು ಸಿದ್ಧ ಮಾಡಿಡಬೇಕು. ಅದಕ್ಕೆ ಉತ್ತರ ಕೊಡಿ:

```
<meta name="description" content="ಕೆಸರು ಪಂಪಿನಿಂದ ತೆಗೆದು, ಗೋಡೆ ತಿಕ್ಕಿ ತೊಳೆದು, ಕ್ಲೋರಿನ್ ಹಾಕುತ್ತೇವೆ. 6,000 ಲೀಟರ್ ಸಂಪ್‌ಗೆ ಸುಮಾರು 3 ಗಂಟೆ. ಹಿಂದಿನ ದಿನದಿಂದ ನೀರು ಕಡಿಮೆ ಮಾಡಿಡಿ.">
```

ಇದರಲ್ಲಿ ಹೊಗಳಿಕೆ ಇಲ್ಲ. ಕೆಲಸ ಇದೆ, ಅಳತೆ ಇದೆ, ಗ್ರಾಹಕರು ಮಾಡಬೇಕಾದ್ದು ಇದೆ. ಇದನ್ನು ಓದಿದವರಿಗೆ ಈ ಪುಟ ತಮಗೆ ಬೇಕಾ ಬೇಡವಾ ಅಂತ ಒತ್ತುವ ಮೊದಲೇ ಗೊತ್ತಾಗುತ್ತದೆ. ಮೊದಲ ವಾಕ್ಯದಲ್ಲೇ ಮುಖ್ಯ ವಿಷಯ ಇಡಿ, ಏಕೆಂದರೆ ಮೊಬೈಲಿನಲ್ಲಿ ಬಾಲ ಕತ್ತರಿಸಿಹೋಗಬಹುದು.

ಒಂದು ಸಣ್ಣ ಎಚ್ಚರಿಕೆ. ಕೋಡ್‌ನಲ್ಲೇ ಬರೆಯುವವರು ಡಿಸ್ಕ್ರಿಪ್ಷನ್ ಒಳಗೆ ನೇರವಾದ ಜೋಡಿ ಉದ್ಧರಣ ಚಿಹ್ನೆ `"` ಹಾಕಬಾರದು. ಹಾಕಿದರೆ ಬ್ರೌಸರ್ ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತದೆ, ಉಳಿದದ್ದು ಕಳೆದುಹೋಗುತ್ತದೆ. ಪ್ಲಗಿನ್ ಬಳಸುವವರಿಗೆ ಬೇರೆ ಎಚ್ಚರಿಕೆ: ಸೈಟಿಗೆ ವಿನ್ಯಾಸ ಕೊಡುವ ಕೆಲವು ಥೀಮ್‌ಗಳೂ ತಾವಾಗಿಯೇ ಡಿಸ್ಕ್ರಿಪ್ಷನ್ ಹಾಕುತ್ತವೆ. ಆಗ ಒಂದೇ ಪುಟದಲ್ಲಿ ಎರಡು ಇರುತ್ತವೆ. `Ctrl+U` ಒತ್ತಿ `name="description"` ಅಂತ ಹುಡುಕಿದರೆ ಒಂದೇ ಕಡೆ ಸಿಗಬೇಕು.

ಉಳಿದ ಪುಟಗಳಿಗೂ ಇದೇ ದಾರಿ. ಅಪಾರ್ಟ್‌ಮೆಂಟ್ ಪುಟ ‘ಅಪಾರ್ಟ್‌ಮೆಂಟ್ ಟ್ಯಾಂಕ್ ಕ್ಲೀನಿಂಗ್: ವರ್ಷದ ಕಾಂಟ್ರಾಕ್ಟ್, ಜಿಎಸ್‌ಟಿ ಬಿಲ್’ ಆಗುತ್ತದೆ. ಓವರ್‌ಹೆಡ್ ಟ್ಯಾಂಕ್ ಪುಟ ‘ಮನೆ ಮೇಲಿನ ಟ್ಯಾಂಕ್ ಕ್ಲೀನಿಂಗ್: ಸಿಂಟೆಕ್ಸ್, ಸಿಮೆಂಟ್ ಎರಡೂ’. ಲೇಖನದ ಪುಟಕ್ಕೆ ಪ್ರಶ್ನೆಯೇ ಟೈಟಲ್: ‘ಸಂಪ್ ಎಷ್ಟು ತಿಂಗಳಿಗೊಮ್ಮೆ ತೊಳೆಸಬೇಕು?’ ಸಂಪರ್ಕ ಪುಟಕ್ಕೆ ‘ಫೋನ್, ವಾಟ್ಸ್ಆಪ್, ಅಂಗಡಿ ವಿಳಾಸ’ ಸಾಕು. ಅದಕ್ಕೆ ಜಾಸ್ತಿ ಹೊತ್ತು ಕೂರುವುದು ಬೇಡ.

ಎಲ್ಲ ಪುಟಕ್ಕೂ ಡಿಸ್ಕ್ರಿಪ್ಷನ್ ಬರೆಯಲು ಪುರುಸೊತ್ತಿಲ್ಲ ಅಂದರೆ ಮುಖಪುಟಕ್ಕೆ ಮತ್ತು ಜನ ಹೆಚ್ಚು ನೋಡುವ ಪುಟಗಳಿಗೆ ಬರೆದು ಉಳಿದದ್ದನ್ನು ಖಾಲಿ ಬಿಡಿ. ಒಂದೇ ಬರಹವನ್ನು ಎಲ್ಲ ಕಡೆ ಅಂಟಿಸುವುದಕ್ಕಿಂತ ಖಾಲಿ ಇರುವುದು ಮೇಲು. ಖಾಲಿ ಇದ್ದರೆ ಗೂಗಲ್ ಪುಟದಿಂದಲೇ ಹೊಂದುವ ವಾಕ್ಯ ಹುಡುಕಿಕೊಳ್ಳುತ್ತದೆ.

## ಎಷ್ಟು ಉದ್ದ ಇರಬೇಕು?

ಟೈಟಲ್ 60 ಅಕ್ಷರ, ಡಿಸ್ಕ್ರಿಪ್ಷನ್ 160 ಅಕ್ಷರ ಅನ್ನುವ ಲೆಕ್ಕ ಎಲ್ಲ ಕಡೆ ಕೇಳಿಬರುತ್ತದೆ. ಗೂಗಲ್ ಅಂಥ ಮಿತಿ ಇಟ್ಟಿಲ್ಲ. ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತದೆ, ಅಷ್ಟೇ. ತೋರಿಸುವ ಉದ್ದ ಕಾಲಕಾಲಕ್ಕೆ ಬದಲಾಗುತ್ತದೆ ಕೂಡ. 2017ರ ಕೊನೆಯಲ್ಲಿ ಡಿಸ್ಕ್ರಿಪ್ಷನ್ ಜಾಗವನ್ನು ಉದ್ದ ಮಾಡಿದ್ದರು, 2018ರ ಮೇ ತಿಂಗಳಲ್ಲಿ ಮತ್ತೆ ಗಿಡ್ಡ ಮಾಡಿದರು. ಉದ್ದ ಇದ್ದಾಗ ಎಲ್ಲವನ್ನೂ ಎಳೆದು ಬರೆದವರಿಗೆ ಮತ್ತೆ ಬರೆಯುವ ಕೆಲಸ ಬಂತು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ಆ 60, 160ರ ಲೆಕ್ಕ ಇಂಗ್ಲಿಷ್ ಅಕ್ಷರಗಳದ್ದು. ಕಂಪ್ಯೂಟರ್ ಕನ್ನಡವನ್ನು ನಾವು ಎಣಿಸಿದಂತೆ ಎಣಿಸುವುದಿಲ್ಲ. ‘ಸಂಪ್ ಕ್ಲೀನಿಂಗ್’ ಅನ್ನುವುದನ್ನು ನಾವು ಸಂ, ಪ್, ಕ್ಲೀ, ನಿಂ, ಗ್ ಅಂತ ಐದು ಅಕ್ಷರ ಎಣಿಸುತ್ತೇವೆ. ಕಂಪ್ಯೂಟರಿಗೆ ಕ್ಲೀ ಒಂದೇ ನಾಲ್ಕು: ಕ, ಅರ್ಧಾಕ್ಷರದ ಚಿಹ್ನೆ, ಲ, ದೀರ್ಘ. ಜಾಗವೂ ಸೇರಿ ಈ ಎರಡು ಪದ 14 ಆಗುತ್ತದೆ. ಹಾಗಾಗಿ ಪ್ಲಗಿನ್‌ನಲ್ಲಿ ಉದ್ದ ತೋರಿಸುವ ಗೆರೆ ಕೆಂಪಾಯಿತು ಅಂತ ಚೆನ್ನಾಗಿರುವ ಕನ್ನಡ ವಾಕ್ಯವನ್ನು ಕತ್ತರಿಸಬೇಡಿ. ಎದುರು ಕಡೆಯಿಂದಲೂ ಮೋಸ ಹೋಗಬಹುದು. ಕನ್ನಡದ ಅಕ್ಷರಗಳು ಅಗಲ, ಒತ್ತಕ್ಷರ ಕೆಳಗೆ ಸೇರಿಕೊಳ್ಳುತ್ತದೆ, ಸಂಖ್ಯೆಯಿಂದ ಅಗಲ ಗೊತ್ತಾಗುವುದಿಲ್ಲ. ನಂಬಬೇಕಾದದ್ದು ಕಣ್ಣನ್ನು. ಪ್ರಕಟವಾದ ಮೇಲೆ ಒಂದು ಸಾಮಾನ್ಯ ಮೊಬೈಲಿನಲ್ಲಿ ಹುಡುಕಿ, ಎಲ್ಲಿ ಕತ್ತರಿಸಿದೆ ನೋಡಿ. ಕತ್ತರಿಸಿದ ಭಾಗ ಇಲ್ಲದೆಯೂ ಅರ್ಥ ಆಗುತ್ತದೆ ಅಂದರೆ ಉದ್ದ ಸರಿಯಾಗಿದೆ.

## ನಾವು ಬರೆದದ್ದು ಬಿಟ್ಟು ಗೂಗಲ್ ಬೇರೇನೋ ತೋರಿಸುತ್ತಿದೆ, ಯಾಕೆ?

ಇಷ್ಟೆಲ್ಲ ಬರೆದು ಹಾಕಿದ ಮೇಲೆ ಕೆಲವು ಪುಟಕ್ಕೆ ಗೂಗಲ್ ತನ್ನದೇ ಟೈಟಲ್ ತೋರಿಸಬಹುದು. 2021ರ ಆಗಸ್ಟ್‌ನಲ್ಲಿ ಟೈಟಲ್ ಆರಿಸುವ ವಿಧಾನವನ್ನು ಗೂಗಲ್ ಬದಲಿಸಿದಾಗ ತುಂಬ ಸೈಟ್‌ನವರು ದೂರಿದರು. ಸ್ವಲ್ಪ ತಿದ್ದಿದ ನಂತರ ಸೆಪ್ಟೆಂಬರ್‌ನಲ್ಲಿ, ಸುಮಾರು 87% ಸಲ ಪುಟದವರು ಬರೆದ ಟೈಟಲನ್ನೇ ಬಳಸುತ್ತೇವೆ ಅಂತ ಗೂಗಲ್ ಹೇಳಿತು. ಉಳಿದ ಸಲ ಪುಟದ ಒಳಗಿನ ದೊಡ್ಡ ತಲೆಬರಹ, ಬೇರೆ ಪುಟಗಳಿಂದ ಇಲ್ಲಿಗೆ ಬರುವ ಲಿಂಕಿನ ಪದಗಳು, ಇವುಗಳಿಂದ ಆರಿಸುತ್ತದೆ.

ಯಾವಾಗ ಹೀಗಾಗುತ್ತದೆ ಅನ್ನುವುದಕ್ಕೆ ಕಾರಣಗಳಿವೆ. ಎಲ್ಲ ಪುಟದಲ್ಲೂ ಒಂದೇ ಉದ್ದನೆ ಬಾಲ ಇದ್ದರೆ. ಟೈಟಲ್ ಅರ್ಧ ಖಾಲಿ ಇದ್ದರೆ, ಅಂದರೆ `|` ಗೆರೆಯ ಒಂದು ಕಡೆ ಏನೂ ಇಲ್ಲದಿದ್ದರೆ. ಒಳಗಿನ ಬರಹ ಹೊಸದಾಗಿ ಟೈಟಲ್‌ನಲ್ಲಿ ಹಳೆಯ ವರ್ಷ ಉಳಿದಿದ್ದರೆ. ಟೈಟಲ್ ಒಂದು ಹೇಳಿ ಪುಟ ಇನ್ನೊಂದು ಹೇಳಿದರೆ.

ನಮ್ಮ ಉದಾಹರಣೆಗೆ ತಾಗುವ ಇನ್ನೊಂದು ಕಾರಣ ಭಾಷೆ. ಪುಟದ ಬರಹ ಕನ್ನಡದಲ್ಲಿದ್ದು ಟೈಟಲ್ ಇಂಗ್ಲಿಷಿನಲ್ಲಿದ್ದರೆ, ಅಥವಾ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರೆ, ಪುಟದ ಭಾಷೆ ಮತ್ತು ಲಿಪಿಗೆ ಹೊಂದುವ ಟೈಟಲ್ ಹುಡುಕಲು ಯತ್ನಿಸುತ್ತೇವೆ ಅಂತ ಗೂಗಲ್ 2022ರಲ್ಲಿ ಹೇಳಿತು. ಬೆಂಗಳೂರಿನಲ್ಲಿ ಇದು ದೊಡ್ಡ ವಿಷಯ. ಗ್ರಾಹಕರಲ್ಲಿ ಅರ್ಧ ಜನ ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾರೆ ಅನ್ನುವ ಕಾರಣಕ್ಕೆ ಕನ್ನಡ ಪುಟದ ತಲೆಗೆ ಇಂಗ್ಲಿಷ್ ಟೈಟಲ್ ಕೂರಿಸುತ್ತಾರೆ. ಅದರಿಂದ ಎರಡೂ ಕಡೆಯವರಿಗೆ ತೊಂದರೆ. ಇಂಗ್ಲಿಷ್ ನೋಡಿ ಒತ್ತಿದವರಿಗೆ ಒಳಗೆ ಕನ್ನಡ ಸಿಗುತ್ತದೆ, ಕನ್ನಡ ಹುಡುಕಿದವರು ಪಟ್ಟಿಯಲ್ಲಿ ಇಂಗ್ಲಿಷ್ ನೋಡಿ ಮುಂದೆ ಹೋಗುತ್ತಾರೆ. ಇಂಗ್ಲಿಷ್ ಗ್ರಾಹಕರು ಬೇಕಾದರೆ ಅವರಿಗೆ ಪೂರ್ತಿ ಇಂಗ್ಲಿಷ್ ಪುಟ ಮಾಡಿ, ಬೇರೆ ವಿಳಾಸದಲ್ಲಿ. ಕನ್ನಡ ಪುಟದ ಟೈಟಲ್ ಕನ್ನಡದಲ್ಲೇ ಇರಲಿ. ಸಂಪ್, ಟ್ಯಾಂಕ್, ಕ್ಲೀನಿಂಗ್ ಥರ ಜನ ಬಾಯಲ್ಲಿ ಆಡುವ ಪದಗಳನ್ನು ಕನ್ನಡ ಅಕ್ಷರದಲ್ಲಿ ಧಾರಾಳವಾಗಿ ಬಳಸಿ. ‘ಜಲಸಂಗ್ರಹಾಗಾರ ಶುಚೀಕರಣ’ ಅಂತ ಯಾರೂ ಹುಡುಕುವುದಿಲ್ಲ.

ಬದಲಾಗಿದೆ ಅಂತ ಕಂಡರೆ ಮಾಡಬೇಕಾದದ್ದು ಒಂದೇ. ಗೂಗಲ್ ತೋರಿಸುತ್ತಿರುವ ಪದಗಳು ನಿಮ್ಮ ಪುಟದಲ್ಲಿ ಎಲ್ಲಿವೆ ಅಂತ ಹುಡುಕಿ. ಹೆಚ್ಚಿನ ಸಲ ಅವು ಪುಟದ ಮೇಲಿನ ದೊಡ್ಡ ತಲೆಬರಹದಲ್ಲಿ ಸಿಗುತ್ತವೆ. ಸಂಪ್ ಪುಟದ ತಲೆಬರಹ ‘ನಮ್ಮ ಸೇವೆಗಳು’ ಅಂತಿದ್ದರೆ ಅದನ್ನು ‘ಮನೆ ಸಂಪ್ ಕ್ಲೀನಿಂಗ್’ ಅಂತ ತಿದ್ದಿ. ಟೈಟಲ್‌ಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕಿಲ್ಲ, ವಿಷಯ ಹೊಂದಬೇಕು. ಮೂರು ಗಂಟೆ ಅಂತ ಟೈಟಲ್‌ನಲ್ಲಿ ಬರೆದಿದ್ದರೆ ಪುಟದ ಮೊದಲ ಪ್ಯಾರಾದಲ್ಲೂ ಅದು ಇರಬೇಕು.

ಡಿಸ್ಕ್ರಿಪ್ಷನ್ ಬದಲಾಗುವುದು ಇನ್ನೂ ಜಾಸ್ತಿ, ಮತ್ತು ಅದು ಯಾವಾಗಲೂ ತಪ್ಪಲ್ಲ. ‘ಸಂಪ್ ನೀರು ವಾಸನೆ’ ಅಂತ ಒಬ್ಬರು ಹುಡುಕಿದಾಗ ನಿಮ್ಮ ಡಿಸ್ಕ್ರಿಪ್ಷನ್‌ನಲ್ಲಿ ವಾಸನೆಯ ಮಾತಿಲ್ಲ, ಪುಟದ ಒಳಗೆ ಇದೆ. ಗೂಗಲ್ ಒಳಗಿನ ವಾಕ್ಯವನ್ನು ತೋರಿಸುತ್ತದೆ. ಅವರಿಗೆ ಬೇಕಾದದ್ದು ಅದೇ. ಹಾಗಾಗಿ ಪುಟದ ಒಳಗೂ ಒಂದೊಂದು ವಾಕ್ಯ ತನ್ನಷ್ಟಕ್ಕೆ ಅರ್ಥವಾಗುವಂತೆ ಬರೆಯುವುದು ಒಳ್ಳೆಯದು. ‘ಇದರಿಂದ ಅದು ಸರಿಹೋಗುತ್ತದೆ’ ಅಂತ ಬರೆದರೆ ಪಟ್ಟಿಯಲ್ಲಿ ಅದು ಅರ್ಥವಿಲ್ಲದ ತುಂಡಾಗುತ್ತದೆ. ‘ಸಂಪ್ ತಳದ ಕೆಸರು ತೆಗೆದರೆ ನೀರಿನ ವಾಸನೆ ಕಡಿಮೆಯಾಗುತ್ತದೆ’ ಅಂತ ಬರೆದರೆ ಅದೇ ವಾಕ್ಯ ಹೊರಗೆ ಬಂದಾಗಲೂ ನಿಲ್ಲುತ್ತದೆ.

ನಿಜವಾಗಿ ಕಳವಳಪಡಬೇಕಾದ ಸಂದರ್ಭ ಬೇರೆ. ವಿವರಣೆಯ ಜಾಗದಲ್ಲಿ `No information is available for this page` ಅಂತ ಬಂದರೆ, ಸೈಟಿನ `robots.txt` ಕಡತ ಆ ಪುಟವನ್ನು ಓದದಂತೆ ಗೂಗಲನ್ನು ತಡೆದಿರುವ ಸಾಧ್ಯತೆ ಜಾಸ್ತಿ. ಆಗ ಏನು ಬರೆದರೂ ಕಾಣುವುದಿಲ್ಲ. ಸೈಟ್ ಮಾಡಿದವರಿಗೆ ಹೇಳಿ ಮೊದಲು ಆ ತಡೆಯನ್ನು ತೆಗೆಸಿ.

## ಕೆಲಸ ಆಯಿತಾ ಅಂತ ತಿಳಿಯುವುದು ಹೇಗೆ?

ಬದಲಾವಣೆ ತಕ್ಷಣ ಕಾಣುವುದಿಲ್ಲ. ಗೂಗಲ್ ಆ ಪುಟವನ್ನು ಮತ್ತೆ ಬಂದು ಓದಬೇಕು. ಅದಕ್ಕೆ ಕೆಲವು ದಿನದಿಂದ ಕೆಲವು ವಾರ ಹಿಡಿಯಬಹುದು. ಸರ್ಚ್ ಕನ್ಸೋಲ್ ಅನ್ನುವುದು ಗೂಗಲ್ ಸೈಟ್ ಮಾಲೀಕರಿಗೆ ಉಚಿತವಾಗಿ ಕೊಡುವ ಸಲಕರಣೆ. ಅದರಲ್ಲಿ ಪುಟದ ವಿಳಾಸ ಹಾಕಿ `Request indexing` ಒತ್ತಿದರೆ ಮತ್ತೆ ಓದಲು ಕೇಳಿಕೊಂಡಂತೆ. ದಿನಾ ಒತ್ತಿದರೆ ಬೇಗ ಆಗುವುದಿಲ್ಲ, ಒಂದು ಸಲ ಸಾಕು.

ಅದೇ ಸಲಕರಣೆಯಲ್ಲಿ ಪುಟ ಎಷ್ಟು ಸಲ ಪಟ್ಟಿಯಲ್ಲಿ ಕಂಡಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನದಲ್ಲಿತ್ತು ಅನ್ನುವುದು ಸಿಗುತ್ತದೆ. ಸಂಪ್ ಪುಟವನ್ನು ಮಾತ್ರ ಆರಿಸಿಕೊಂಡು, ಬದಲಿಸುವ ಮೊದಲಿನ 28 ದಿನ ಮತ್ತು ನಂತರದ 28 ದಿನ ಪಕ್ಕಪಕ್ಕ ಇಡಿ. ಮೊದಲು 400 ಸಲ ಕಂಡು 8 ಜನ ಒತ್ತಿದ್ದರು, ಅಂದರೆ 2%. ನಂತರ 400 ಸಲ ಕಂಡು 16 ಜನ ಒತ್ತಿದರು, 4% ಎಂದುಕೊಳ್ಳೋಣ. ಸ್ಥಾನ ಎರಡೂ ಸಲ ಹೆಚ್ಚುಕಮ್ಮಿ ಒಂದೇ ಇದ್ದರೆ ಹೊಸ ಟೈಟಲ್‌ಗೆ ಕೀರ್ತಿ ಕೊಡಬಹುದು. ಸ್ಥಾನವೇ ಎಂಟರಿಂದ ಮೂರಕ್ಕೆ ಬಂದಿದ್ದರೆ ಹಾಗೆ ಹೇಳಲಾಗದು, ಮೇಲಿರುವುದನ್ನು ಜನ ಹೇಗೂ ಜಾಸ್ತಿ ಒತ್ತುತ್ತಾರೆ. ಇನ್ನು ಪುಟ ಬರೀ 40 ಸಲ ಕಂಡು ಒತ್ತಿದವರು ಒಬ್ಬರಿಂದ ಇಬ್ಬರಾದರೆ ಅದರಿಂದ ಏನೂ ತಿಳಿಯುವುದಿಲ್ಲ. ಸಣ್ಣ ಸೈಟಿಗೆ ಮೂರು ತಿಂಗಳ ಲೆಕ್ಕ ಬೇಕಾಗಬಹುದು.

ಋತುವನ್ನೂ ಮರೆಯಬಾರದು. ಬೆಂಗಳೂರಿನಲ್ಲಿ ಬೇಸಿಗೆ ಬಂದರೆ ಟ್ಯಾಂಕರ್ ಓಡಾಟ ಹೆಚ್ಚುತ್ತದೆ, ಸಂಪ್ ಖಾಲಿಯಾಗುತ್ತದೆ, ಆಗಲೇ ಕ್ಲೀನಿಂಗ್ ನೆನಪಾಗುತ್ತದೆ. 2024ರ ಬೇಸಿಗೆಯಲ್ಲಿ ನಗರದಲ್ಲಿ ನೀರಿಗೆ ಎಷ್ಟು ಬರ ಬಂದಿತ್ತು ಅನ್ನುವುದು ಇಲ್ಲಿರುವವರಿಗೆಲ್ಲ ಗೊತ್ತು. ಫೆಬ್ರವರಿಯಲ್ಲಿ ಟೈಟಲ್ ಬದಲಿಸಿ ಏಪ್ರಿಲ್‌ನಲ್ಲಿ ಕ್ಲಿಕ್ ಹೆಚ್ಚಾದರೆ ಅದು ಬಿಸಿಲಿನ ಕೆಲಸವೂ ಇರಬಹುದು. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟಿರುತ್ತದೆ, ಹಾಗಾಗಿ ಕಳೆದ ವರ್ಷದ ಇದೇ ಏಪ್ರಿಲ್ ಜೊತೆ ಹೋಲಿಸಿ. ಒಂದೇ ಸಲ ಒಂಬತ್ತೂ ಪುಟ ಬದಲಿಸುವ ಬದಲು ಮೊದಲು ಸಂಪ್ ಪುಟ ಮತ್ತು ದರದ ಪುಟ ಬದಲಿಸಿ, ಉಳಿದವನ್ನು ಒಂದು ತಿಂಗಳು ಹಾಗೇ ಬಿಟ್ಟರೆ, ಬದಲಿಸದ ಪುಟಗಳೇ ಋತುವಿನ ಏರಿಳಿತವನ್ನು ತೋರಿಸುತ್ತವೆ.

ದರದ ಪುಟ ಮಾತ್ರ ಆಗಾಗ ತೆರೆದು ನೋಡಬೇಕಾದ ಪುಟ. ‘ಸಂಪ್ ಕ್ಲೀನಿಂಗ್ ದರ: 3,000 ಲೀಟರಿನಿಂದ 10,000 ಲೀಟರ್‌ವರೆಗೆ’ ಅಂತ ಟೈಟಲ್ ಇಟ್ಟು, ಮೊತ್ತವನ್ನು ಡಿಸ್ಕ್ರಿಪ್ಷನ್‌ನಲ್ಲಿ ಬರೆದಿದ್ದರೆ, ದರ ಏರಿಸಿದ ದಿನವೇ ಡಿಸ್ಕ್ರಿಪ್ಷನ್ ಮತ್ತು ಪುಟದ ಒಳಗಿನ ಪಟ್ಟಿ ಎರಡನ್ನೂ ಒಟ್ಟಿಗೆ ತಿದ್ದಿ. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ಗೂಗಲ್ ಯಾವುದನ್ನು ತೋರಿಸುತ್ತದೆ ಅಂತ ಹೇಳಲಾಗದು, ಹಳೆಯ ಮೊತ್ತ ನೋಡಿ ಫೋನ್ ಮಾಡಿದವರ ಜೊತೆ ಚೌಕಾಸಿ ನಿಮ್ಮ ಪಾಲಿಗೆ ಬರುತ್ತದೆ. ತಿದ್ದಿದ ಮೇಲೆ ಆ ಪುಟಕ್ಕೆ ಮಾತ್ರ ಮತ್ತೊಮ್ಮೆ `Request indexing` ಒತ್ತಿ.